ಪಂಪು ‘ಗುಂಯ್’ ಅಂದು ನಿಂತರೆ ಮೋಟಾರ್ ಎತ್ತಿಸಬೇಡಿ, ಮೊದಲು ಸ್ಟಾರ್ಟರ್ ಬಿಚ್ಚಿ

ಬೋರ್‌ವೆಲ್ ಪಂಪು ಚಾಲೂ ಆಗದೆ ಗುಂಯ್‌ಗುಟ್ಟಿ, ಓವರ್‌ಲೋಡ್ ಟ್ರಿಪ್ ಆಯಿತು ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮೋಟಾರ್ ಸುಟ್ಟಿದೆ.’ ಪೈಪು ಎತ್ತುವವರು ಬರುತ್ತಾರೆ, ಅರ್ಧ ದಿನ ಹೋಗುತ್ತದೆ, ಕೊನೆಗೆ ನೋಡಿದರೆ ಮೋಟಾರ್ ಸರಿಯಾಗಿಯೇ ಇರುತ್ತದೆ. ಇನ್ನು ಕೆಲವರು ಬೇಗ ಕಂಡೆನ್ಸರ್ ಬದಲಿಸುತ್ತಾರೆ. ಪಂಪು ಓಡುತ್ತದೆ, ಕೆಲವೇ ದಿನಗಳಲ್ಲಿ ಹೊಸ ಕಂಡೆನ್ಸರ್ ಕೂಡ ಸಿಡಿಯುತ್ತದೆ.

ಬ್ರಹ್ಮಾವರದ ಹತ್ತಿರದ ಒಂದು ಅಡಿಕೆ ತೋಟದಲ್ಲಿ ಆದದ್ದು ಈ ಎರಡನೆಯದು. 1 ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್, ಗೋಡೆಯ ಮೇಲೆ ಸ್ಟಾರ್ಟರ್ ಬಾಕ್ಸ್, ಅದರೊಳಗೆ ಕರೆಂಟ್ ಬಂದಾಗ ತಾನಾಗಿಯೇ ಪಂಪು ಶುರು ಮಾಡುವ ಆಟೋ ಸ್ಟಾರ್ಟರ್. ರಿಪೇರಿಗೆ ಬಂದವರು ಊರಿನ ಹಳೇ ಎಲೆಕ್ಟ್ರಿಷಿಯನ್. ಜೊತೆಗೆ ನಿಂತವಳು ಡಿಪ್ಲೊಮಾ ಎಲೆಕ್ಟ್ರಿಕಲ್ ಓದುತ್ತಿರುವ ಮನೆಯ ಹುಡುಗಿ. ಅವರು ಮಾಡಿದ ಕ್ರಮವನ್ನೇ ಬರೆಯುತ್ತೇನೆ. ಇದು ಮೀಟರ್ ಹಿಡಿಯಲು ಬರುವವರಿಗೆ ಮಾತ್ರ. ಉಳಿದವರು ಓದಿಕೊಂಡು ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ನೋಡಿ, ಸಾಕು.

ಕರೆಂಟ್ ತೆಗೆಯುವುದು. ಎಂಸಿಬಿ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಟೋ ಸ್ಟಾರ್ಟರ್ ಇರುವ ಬಾಕ್ಸಿನಲ್ಲಿ ‘ಈಗ ಕರೆಂಟ್ ಇಲ್ಲ’ ಎಂದು ಕೈ ಹಾಕುವುದು ಹುಚ್ಚು. ಆಮೇಲೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಕಂಡೆನ್ಸರ್ ಖಾಲಿ ಮಾಡುವುದು. ಲೈನ್ ತೆಗೆದರೂ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಅಣ್ಣ ಎಂದಿನಂತೆ ಸ್ಕ್ರೂಡ್ರೈವರ್ ತೆಗೆದು ಎರಡು ಟರ್ಮಿನಲ್‌ಗೆ ಅಡ್ಡ ಹಿಡಿಯಲು ಹೊರಟರು. ‘ಅಣ್ಣಾ, ಬೇಡ, ಬಲ್ಬ್ ಹಿಡಿಯಿರಿ’ ಅಂದಳು ಹುಡುಗಿ. ಅವರು ನಕ್ಕರು. ‘ಮೂವತ್ತು ವರ್ಷ ಇದೇ ಮಾಡಿದ್ದು ಮಾರಾಯ್ತಿ.’ ಆದರೂ ಹೋಲ್ಡರ್ ತಂದರು. ಸ್ಕ್ರೂಡ್ರೈವರಿನಲ್ಲಿ ಕಿಡಿ ಹಾರಿ ಟರ್ಮಿನಲ್ ಸುಡುತ್ತದೆ, ಕಣ್ಣಿಗೂ ಅಪಾಯ. ಹೋಲ್ಡರಿಗೆ ಎರಡು ವಯರ್ ಕಟ್ಟಿದ ಹಳೇ ಕಾಲದ ತಂತಿಯ ಬಲ್ಬ್ ಸಾಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗುವುದಿಲ್ಲ.

ಮೋಟಾರ್ ಸರಿ ಇದೆಯಾ ನೋಡುವುದು. ಬಾವಿಗೆ ಇಳಿಯುವ ಮೂರು ವಯರನ್ನು ಟರ್ಮಿನಲ್‌ನಿಂದ ಬಿಚ್ಚಿ. ಯಾವುದು ಎಲ್ಲಿತ್ತು ಎಂದು ಫೋಟೋ ತೆಗೆದಿಡಿ, ಆದರೆ ಬಣ್ಣ ನಂಬಬೇಡಿ. ಒಮ್ಮೆ ಕೇಬಲ್ ಜಾಯಿಂಟ್ ಮಾಡಿದವರು ಬಣ್ಣ ಬದಲಿಸಿರುತ್ತಾರೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡು ವಯರಿನ ನಡುವೆ ಅಳೆಯಿರಿ.

ಇಲ್ಲಿ ಸಿಕ್ಕಿದ್ದು 3.9, 8.3 ಮತ್ತು 11.6 ಓಮ್. ದೊಡ್ಡ ಸಂಖ್ಯೆ ಬಂದ ಜೋಡಿಯಲ್ಲಿ ಇಲ್ಲದ ವಯರೇ ಕಾಮನ್, ಅಂದರೆ ಎರಡೂ ವೈಂಡಿಂಗ್‌ಗೆ ಸೇರಿದ್ದು. ಕಾಮನ್‌ನಿಂದ ಕಡಿಮೆ ಓಮ್ ತೋರಿಸುವುದು ರನ್ನಿಂಗ್, ಜಾಸ್ತಿ ತೋರಿಸುವುದು ಸ್ಟಾರ್ಟಿಂಗ್. ಚಿಕ್ಕ ಎರಡನ್ನು ಕೂಡಿದರೆ ದೊಡ್ಡದರ ಹತ್ತಿರ ಬರಬೇಕು. 3.9ಕ್ಕೆ 8.3 ಸೇರಿಸಿದರೆ 12.2. ಅಂದರೆ 0.6 ಜಾಸ್ತಿ. ‘ಇದೆಂತ ಲೆಕ್ಕ ತಪ್ಪಿದೆ?’ ಅಂದರು ಅಣ್ಣ. ತಪ್ಪಿಲ್ಲ. ಪ್ರತಿ ಅಳತೆಯಲ್ಲೂ ಎರಡು ವಯರಿನ ಉದ್ದ ಸೇರಿರುತ್ತದೆ. ಎರಡು ಅಳತೆ ಕೂಡಿದಾಗ ಕೇಬಲ್ ಒಂದು ಸಲ ಹೆಚ್ಚುವರಿ ಲೆಕ್ಕಕ್ಕೆ ಬರುತ್ತದೆ. ಆ 0.6 ಓಮ್ ಬಾವಿಗೆ ಹೋಗಿ ಬರುವ ಕೇಬಲ್‌ದು. ಒಂದು ಜೋಡಿ ಏನೂ ತೋರಿಸದಿದ್ದರೆ ವೈಂಡಿಂಗೋ ಕೇಬಲೋ ತುಂಡಾಗಿದೆ.

ವೈಂಡಿಂಗ್ ಮತ್ತು ಅರ್ಥ್ ನಡುವಿನ ಇನ್ಸುಲೇಷನ್ ನೋಡಲು ಮಾತ್ರ ಮಲ್ಟಿಮೀಟರ್ ಸಾಲದು, 500 ವೋಲ್ಟ್ ಮೆಗ್ಗರ್ ಬೇಕು. ಅಣ್ಣನ ಹತ್ತಿರ ಹಳೆಯ ಕೈತಿರುವಿನ ಮೆಗ್ಗರ್ ಇತ್ತು, ಮುಳ್ಳು 8 ಮೆಗಾಓಮ್ ಹತ್ತಿರ ನಿಂತಿತು. ನೀರಿನಲ್ಲಿರುವ ಮೋಟಾರಿಗೆ ಇದು ಒಳ್ಳೆಯದೇ. ಒಂದಕ್ಕಿಂತ ಕೆಳಗೆ ಬಂದರೆ ಆಗ ಎತ್ತುವ ಮಾತಾಡೋಣ.

ಕಂಡೆನ್ಸರ್ ಅಳೆಯುವುದು. ಎರಡು ಇರುತ್ತವೆ. ರನ್ನಿಂಗ್ ಕಂಡೆನ್ಸರ್ ಪಂಪು ಓಡುವಷ್ಟು ಹೊತ್ತೂ ಲೈನಿನಲ್ಲಿರುತ್ತದೆ. ಸ್ಟಾರ್ಟಿಂಗ್ ಕಂಡೆನ್ಸರ್, ಕಪ್ಪು ಪ್ಲಾಸ್ಟಿಕ್ ಡಬ್ಬಿಯದ್ದು, ಎಬ್ಬಿಸುವಾಗ ಒಂದೆರಡು ಸೆಕೆಂಡು ಮಾತ್ರ. ಅಳೆಯುವ ಮೊದಲು ಒಂದು ಕಡೆಯ ವಯರ್ ಬಿಚ್ಚಲೇಬೇಕು, ಇಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ರನ್ನಿಂಗ್‌ನ ಮೇಲೆ 36 ಎಂಎಫ್‌ಡಿ ಎಂದಿತ್ತು, ಮೀಟರಿನಲ್ಲಿ 35 ಬಂತು. ಸ್ಟಾರ್ಟಿಂಗ್‌ನ ಮೇಲೆ 120–150 ಎಂದಿತ್ತು, ಬಂದದ್ದು 9. ಮುಚ್ಚಳ ಉಬ್ಬಿ ಬದಿಯಿಂದ ಕಂದು ಬಣ್ಣದ ರಸ ಸೋರಿತ್ತು.

ಇಲ್ಲಿಗೇ ನಿಲ್ಲಿಸುವುದರಿಂದಲೇ ಹೊಸ ಕಂಡೆನ್ಸರ್ ಮತ್ತೆ ಸಿಡಿಯುವುದು.

ಯಾಕೆ ಸಿಡಿಯಿತು ಎಂದು ಹುಡುಕುವುದು. ಸ್ಟಾರ್ಟಿಂಗ್ ಕಂಡೆನ್ಸರನ್ನು ಒಳಗೆ ತಂದು ಮತ್ತೆ ಹೊರಗೆ ಹಾಕುವುದು ಒಂದು ರಿಲೇ. ಕೈಯಲ್ಲಿ ಒತ್ತುವ ಪ್ಯಾನಲ್‌ನಲ್ಲಾದರೆ ಹಸಿರು ಬಟನ್ನಿನ ಎರಡನೇ ಕಾಂಟ್ಯಾಕ್ಟ್. ಇಂಥ ಬಾಕ್ಸಿನಲ್ಲಿ ಕರೆಂಟ್ ಇಲ್ಲದಾಗ ಅದು ಬಿಟ್ಟುಕೊಂಡಿರಬೇಕು. ಹುಡುಗಿ ಒಂದು ವಯರ್ ಬಿಚ್ಚಿ ಮೀಟರನ್ನು ಬಜರ್‌ಗೆ ಇಟ್ಟು ಎರಡು ಪಿನ್‌ಗೆ ಹಿಡಿದಳು. ‘ಕೀಂ’ ಅಂತ ಕೂಗಿತು. ರಿಲೇಯ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡಿತ್ತು. ಹಾಗಾದರೆ ಒಂದೆರಡು ಸೆಕೆಂಡು ಮಾತ್ರ ಇರಬೇಕಾದ ಕಂಡೆನ್ಸರ್ ಪಂಪು ಓಡುವಷ್ಟು ಹೊತ್ತೂ ಲೈನಿನಲ್ಲಿತ್ತು. ಸಿಡಿಯದೆ ಏನು ಮಾಡೀತು?

ರಿಲೇ ಯಾಕೆ ಅಂಟಿತು? ಉತ್ತರ ಶೆಡ್ಡಿನ ಕಟ್ಟೆಯ ಮೇಲೆ ಬಿದ್ದಿತ್ತು. ಹಿಂದಿನ ಸಲ ಬದಲಿಸಿ ಎಸೆದ ಹಳೇ ಕಂಡೆನ್ಸರ್. ಅದರ ಎರಡು ಕಾಲಿಗೆ ಅಡ್ಡಲಾಗಿ ಚಿಕ್ಕದೊಂದು ರೆಸಿಸ್ಟರ್ ಬೆಸುಗೆ ಹಾಕಿತ್ತು. ಹೊಸದರಲ್ಲಿ ಅದಿಲ್ಲ. ‘ಇದು ಸುಮ್ನೆ ಇಟ್ಟದ್ದಲ್ಲ ಅಣ್ಣಾ’ ಅಂದಳು. ರಿಲೇ ಬಿಟ್ಟ ಮೇಲೆ ಸ್ಟಾರ್ಟಿಂಗ್ ಕಂಡೆನ್ಸರಿನಲ್ಲಿ ಉಳಿಯುವ ಚಾರ್ಜನ್ನು ಇಳಿಸುವುದೇ ಆ ರೆಸಿಸ್ಟರಿನ ಕೆಲಸ. ಅದಿಲ್ಲದಾಗ, ಕರೆಂಟ್ ಹೋಗಿ ಮತ್ತೆ ಬಂದ ಕೂಡಲೇ ತುಂಬಿದ ಕಂಡೆನ್ಸರ್ ರನ್ನಿಂಗ್ ಕಂಡೆನ್ಸರಿಗೆ ನೇರ ಸೇರುತ್ತದೆ. ಆ ಕ್ಷಣದ ಕರೆಂಟಿಗೆ ಲೆಕ್ಕವಿಲ್ಲ, ಕಾಂಟ್ಯಾಕ್ಟ್ ಕರಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ಗೊತ್ತಲ್ಲ. ಆಟೋ ಸ್ಟಾರ್ಟರ್ ಪ್ರತಿ ಸಲವೂ ಪಂಪು ಎಬ್ಬಿಸುತ್ತದೆ.

‘ಇಷ್ಟು ವರ್ಷ ಅದನ್ನು ಕತ್ತರಿಸಿ ಬಿಸಾಡಿದ್ದೇನೆ’ ಎಂದು ಅಣ್ಣ ತಲೆ ಕೆರೆದುಕೊಂಡರು.

ಜೋಡಿಸುವುದು. ಹೊಸ ರಿಲೇ, ಅದೇ ಅಳತೆಯ ಕಂಡೆನ್ಸರ್, ಅದರ ಕಾಲಿಗೆ 15 ಕಿಲೋಓಮ್ 2 ವ್ಯಾಟ್ ರೆಸಿಸ್ಟರ್. ಈ ಜೋಡಿಗೆ ಚಾರ್ಜ್ ಪೂರ್ತಿ ಇಳಿಯಲು ಹತ್ತು ಸೆಕೆಂಡ್ ಬೇಕು. ಹಾಗಾಗಿ ಆಟೋ ಸ್ಟಾರ್ಟರಿನ ಡಿಲೇ ತಿರುಪನ್ನು ಒಂದು ನಿಮಿಷಕ್ಕಿಂತ ಕೆಳಗೆ ಇಡಬೇಡಿ. ‘ದೊಡ್ಡ ಕಂಡೆನ್ಸರ್ ಹಾಕಿ, ಪವರ್ ಜಾಸ್ತಿ’ ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ವೋಲ್ಟೇಜ್, ತಯಾರಾದ ತಿಂಗಳು ಎರಡೂ ಅಚ್ಚಾಗಿಲ್ಲದ ಮಾಲು ನನಗೆ ಪುಕ್ಕಟೆ ಕೊಟ್ಟರೂ ಬೇಡ. ಸ್ಟಾರ್ಟಿಂಗ್ ಕಂಡೆನ್ಸರನ್ನು ರನ್ನಿಂಗ್ ಜಾಗದಲ್ಲಿ ‘ಸದ್ಯಕ್ಕೆ’ ಹಾಕುವವರೂ ಇದ್ದಾರೆ. ಅದು ಪಟಾಕಿ.

ಬಾಕ್ಸಿನ ತಳದ ಕೇಬಲ್ ತೂತಿಗೆ ಪುಟ್ಟಿ ಮೆತ್ತಿ, ಇರುವೆ ಬರುವುದೇ ಅಲ್ಲಿಂದ.

ಚಾಲೂ ಮಾಡುವುದು. ಆ್ಯಮ್‌ಮೀಟರಿನ ಮುಳ್ಳು ಮೇಲೆ ಹಾರಿ ಒಂದೆರಡು ಸೆಕೆಂಡಿನಲ್ಲಿ ಇಳಿಯಬೇಕು, ಜೊತೆಗೇ ರಿಲೇ ‘ಟಕ್’ ಎಂದು ಬಿಡುವ ಸದ್ದು ಕೇಳಬೇಕು. ಇಲ್ಲಿ ಮುಳ್ಳು 7ರ ಮೇಲೆ ಸ್ವಲ್ಪ ನಿಂತಿತು, ಮೋಟಾರಿನ ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಕಡಿಮೆ. ಇಳಿಯದಿದ್ದರೆ ತಕ್ಷಣ ಆಫ್ ಮಾಡಿ, ಓವರ್‌ಲೋಡ್ ತಿರುಪನ್ನು ಏರಿಸಿ ಓಡಿಸಲು ಹೋಗಬೇಡಿ. ಕೊನೆಗೆ ಹುಡುಗಿ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಳು: ಯಾವ ಬಣ್ಣ ಕಾಮನ್, ಯಾವುದು ರನ್ನಿಂಗ್, ಯಾವುದು ಸ್ಟಾರ್ಟಿಂಗ್, ಮೂರು ಓಮ್ ಅಳತೆ, ತಾರೀಕು. ಅದರ ಕೆಳಗೆ ಅಣ್ಣ ತಮ್ಮ ಕೈಯಾರೆ ಸೇರಿಸಿದರು: ‘ರೆಸಿಸ್ಟರ್ ಕತ್ತರಿಸಬಾರದು.’