ಕ್ಲೇಮ್ ಕರೆಯ ರೆಕಾರ್ಡಿಂಗನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ರಾತ್ರಿ ಸುರಿದ ಮಳೆಗೆ ಬೇಸ್‌ಮೆಂಟಿನಲ್ಲಿದ್ದ ಕಾರಿಗೆ ನೀರು ನುಗ್ಗಿದೆ. ಮಾಲೀಕರು ವಿಮಾ ಕಂಪನಿಗೆ ಮಾಡಿದ 14 ನಿಮಿಷದ ಕರೆ ಫೋನಿನಲ್ಲಿ ರೆಕಾರ್ಡ್ ಆಗಿದೆ ಎಂದುಕೊಳ್ಳಿ. ಅದನ್ನು ಘಟನೆ, ದಾಖಲೆ, ಮುಂದಿನ ಹೆಜ್ಜೆ ಎಂಬ ಮೂರು ಭಾಗಗಳ ಒಂದು ಪುಟಕ್ಕೆ ಇಳಿಸಬೇಕು.

ಮೊದಲ ಸಲ ಏನೂ ಬರೆಯದೆ ಸುಮ್ನೆ ಪೂರ್ತಿ ಕೇಳಿ. ಜನ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದಿಲ್ಲ. ಮುಖ್ಯ ಮಾತು 11ನೇ ನಿಮಿಷದಲ್ಲಿ ಬರಬಹುದು. ಎರಡನೇ ಸಲ ಕೇಳುವಾಗ ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಷ್ಟನೇ ನಿಮಿಷದಲ್ಲಿ ಬಂತು, ಯಾರು ಹೇಳಿದರು ಎಂದು ಬರೆದುಕೊಳ್ಳಿ.

ಘಟನೆಯ ಭಾಗಕ್ಕೆ ಜಾಸ್ತಿ ಸಮಯ ಕೊಡಿ. ಈ ಕರೆಯಲ್ಲಿ ಮಾಲೀಕರು, "ಬೆಳಿಗ್ಗೆ ಕೀ ತಿರುಗಿಸಿದೆ, ಲೈಟ್ ಬಂತು, ಅಷ್ಟಕ್ಕೇ ಬಿಟ್ಟೆ" ಎನ್ನುತ್ತಾರೆ. ಇದನ್ನು "ಕಾರು ಸ್ಟಾರ್ಟ್ ಮಾಡಲು ನೋಡಿದರು" ಎಂದು ಚಿಕ್ಕದು ಮಾಡಿದರೆ ದೊಡ್ಡ ತಪ್ಪು. ನೀರು ಹೊಕ್ಕ ಇಂಜಿನ್ ತಿರುಗಿದರೆ ಒಳಗಿನ ರಾಡ್ ಬಾಗಬಹುದು. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳದ ಪಾಲಿಸಿಗಳಲ್ಲಿ ಅಂಥ ಹಾನಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಒಂದು ಕ್ರಿಯಾಪದದ ಮೇಲೆ ಸಾವಿರಾರು ರೂಪಾಯಿ ನಿಂತಿರುತ್ತದೆ. ಹಾಗಾಗಿ ಇಂಥ ಮಾತನ್ನು ಇದ್ದ ಹಾಗೇ ಬರೆಯಿರಿ. ಅವರು ನಿಜವಾಗಿ ಸ್ಟಾರ್ಟ್ ಮಾಡಿದ್ದರೆ ಅದನ್ನೂ ಹಾಗೇ ಬರೆಯಬೇಕು. "ನೀರು ಸೀಟಿನವರೆಗೆ ಬಂದಿರಬೇಕು" ಎಂದಿದ್ದರೆ ಆ "ಇರಬೇಕು" ಉಳಿಯಲಿ. ಅದು ಕಂಡದ್ದಲ್ಲ, ಊಹೆ.

ದಾಖಲೆಗಳ ಭಾಗ ಸುಲಭ. ಆರ್‌ಸಿ, ಡಿಎಲ್, ಕ್ಲೇಮ್ ಫಾರಂ, ಗ್ಯಾರೇಜಿನ ಎಸ್ಟಿಮೇಟ್, ಫೋಟೊಗಳು, ಹೀಗೆ ಕರೆಯಲ್ಲಿ ಕೇಳಿದ್ದನ್ನು ಮಾತ್ರ ಬರೆದು, ಕೊಟ್ಟಾಗಿದೆ ಅಥವಾ ಬಾಕಿ ಎಂದು ಗುರುತು ಹಾಕಿ. ಕ್ಲೇಮ್ ನಂಬರನ್ನು ಎರಡು ಸಲ ಕೇಳಿ ತಾಳೆ ನೋಡಿ. ಬ್ಯಾಂಕ್ ಖಾತೆ ಸಂಖ್ಯೆ ಈ ಪುಟಕ್ಕೆ ಬೇಡ.

ಮುಂದಿನ ಹೆಜ್ಜೆಯಲ್ಲಿ ಯಾರು, ಏನು, ಯಾವಾಗ ಎಂಬ ಮೂರೂ ಇರಬೇಕು. "ನಾಳೆ ಸರ್ವೇಯರ್ ಬರ್ತಾರೆ" ಎಂಬಲ್ಲಿ "ನಾಳೆ" ಎರಡು ದಿನ ಕಳೆದರೆ ಅರ್ಥ ಕಳೆದುಕೊಳ್ಳುತ್ತದೆ. ಕರೆಯ ದಿನ ನೋಡಿ ತಾರೀಖು ಹಾಕಿ. "ನೋಡ್ತೀವಿ ಸರ್" ಎಂದಿದ್ದರೆ ಅದು ಒಪ್ಪಿಗೆಯಲ್ಲ ಅಲ್ವಾ? "ಉತ್ತರ ಖಚಿತವಿಲ್ಲ" ಎಂದು ಬರೆಯಿರಿ. ಎಲ್ಲ ಸೇರಿ ಪುಟ ಹೀಗೆ ಕಾಣುತ್ತದೆ:

ಘಟನೆ: ಮೇ 19ರ ಬೆಳಿಗ್ಗೆ 6ಕ್ಕೆ ನೀರು ಕಂಡರು. ಕೀ ತಿರುಗಿಸಿದಾಗ ಲೈಟ್ ಬಂತು, ಅಷ್ಟಕ್ಕೇ ಬಿಟ್ಟರು (ಮಾಲೀಕರ ಮಾತು, 11ನೇ ನಿಮಿಷ).
ದಾಖಲೆ: ಆರ್‌ಸಿ, ಡಿಎಲ್ ಕೊಟ್ಟಾಗಿದೆ. ಎಸ್ಟಿಮೇಟ್ ಬಾಕಿ.
ಮುಂದೆ: ಮೇ 20ಕ್ಕೆ ಸರ್ವೇಯರ್ ಗ್ಯಾರೇಜಿಗೆ. ಅಲ್ಲಿವರೆಗೆ ಇಂಜಿನ್ ಬಿಚ್ಚಿಸಬಾರದು. ಟೋಯಿಂಗ್ ಖರ್ಚು: ಉತ್ತರ ಖಚಿತವಿಲ್ಲ.

ಈ ಪುಟವನ್ನು ಅದೇ ದಿನ ಕ್ಲೇಮ್ ನಂಬರ್ ಸಹಿತ ಕಂಪನಿಗೆ ಇಮೇಲ್ ಮಾಡಿ, ತಪ್ಪಿದ್ದರೆ ತಿಳಿಸಿ ಎಂದು ಕೇಳಿ. ಹಣ ಕೈಗೆ ಬರುವವರೆಗೆ ರೆಕಾರ್ಡಿಂಗ್ ಅಳಿಸಬೇಡಿ.