ಕಲಬುರಗಿಯಿಂದ ಕೆಲಸ ಮಾಡ್ತೀನಿ ಅಂತ ಕೇಳಿದ್ದು ಹೀಗೆ

ಮೊದಲ ಸಲ ನಾನು ಕೇಳಿದ್ದೇ ತಪ್ಪಾಗಿತ್ತು. ಅವ್ವನ ಮೊಣಕಾಲಿನ ಆಪರೇಷನ್ ಆಗಿತ್ತು, ಕಲಬುರಗಿ ಮನೆಯಲ್ಲಿ ಅಪ್ಪ ಒಬ್ಬರೇ. ಶುಕ್ರವಾರ ಸಂಜೆ ಬೆಂಗಳೂರಿನ ಆಫೀಸಿನಿಂದ ಹೊರಡುವಾಗ ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದೆ: "ಸರ್, ಮುಂದಿನ ತಿಂಗಳಿಂದ ನಾನು ಊರಿಂದಲೇ ಕೆಲಸ ಮಾಡಬೇಕು, ಮನೆ ಪರಿಸ್ಥಿತಿ ಹಾಗಿದೆ." ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ನೋಡೋಣ." ಅದರ ಅರ್ಥ ನಿಮಗೂ ಗೊತ್ತು, ಅಲ್ವಾ?

ಆಗ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ, ಅವರ ಕೈಗೆ ನಾನು ಏನೂ ಕೊಟ್ಟಿರಲಿಲ್ಲ. ಎಷ್ಟು ದಿನ ಅಂತಿಲ್ಲ, ಕೆಲಸ ಹೇಗೆ ನಡೆಯುತ್ತೆ ಅಂತಿಲ್ಲ. ಮೇಲಾಗಿ ಅವ್ವನ ಕಾಲು ನೋವನ್ನು ಮುಂದಿಟ್ಟಿದ್ದೆ. ಬೇಡ ಅಂದರೆ ಅವರು ಕಲ್ಲು ಮನಸ್ಸಿನವರು ಅನ್ನಿಸಿಕೊಳ್ಳಬೇಕು. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ: ಹೂಂ ಅನ್ನುವ ಅಧಿಕಾರ ಅವರಿಗೂ ಪೂರ್ತಿ ಇಲ್ಲ. ಅವರೂ ತಮ್ಮ ಮೇಲಿನವರನ್ನು, ಎಚ್‌ಆರ್‌ನವರನ್ನು ಕೇಳಬೇಕು.

ಮುಂದಿನ ನಾಲ್ಕು ವಾರ ಬಾಯಿ ಬಿಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಒಂದೊಂದು ಸಾಲು ಬರೆದೆ: ಇವತ್ತಿನ ಕೆಲಸಕ್ಕೆ ನಾನು ಆಫೀಸಿನಲ್ಲೇ ಇರಬೇಕಿತ್ತಾ? ನನ್ನದು ಮೊಬೈಲ್ ಆ್ಯಪ್ ಟೆಸ್ಟಿಂಗ್. ಇಪ್ಪತ್ತು ದಿನಗಳಲ್ಲಿ ಐದು ದಿನ ಆಫೀಸಿನ ಬೀರುವಿನಲ್ಲಿರೋ ಫೋನ್‌ಗಳ ಮೇಲೆ ಟೆಸ್ಟ್ ಮಾಡಬೇಕಿತ್ತು, ಅವು ಹೊರಗೆ ಹೋಗುವಂತಿಲ್ಲ. ಎರಡು ದಿನ ಪ್ಲ್ಯಾನಿಂಗ್ ಮೀಟಿಂಗ್. ಉಳಿದ ಹದಿಮೂರು ದಿನ ಬರೀ ಲ್ಯಾಪ್‌ಟಾಪ್ ಕೆಲಸ. ಈ ಲೆಕ್ಕ ಸಿಕ್ಕ ಮೇಲೆ 'ಪೂರ್ತಿ ಊರಿಂದಲೇ' ಅನ್ನುವ ಆಸೆ ನಾನೇ ಬಿಟ್ಟೆ. ತಿಂಗಳಿಗೆ ಎರಡು ವಾರ ಸಾಕು. ಐದೂ ಫೋನ್ ದಿನಗಳನ್ನು, ಮೀಟಿಂಗ್‌ಗಳನ್ನು ಬೆಂಗಳೂರಿನಲ್ಲಿರೋ ವಾರಗಳಿಗೆ ಸರಿಸಬಹುದು.

ಆಮೇಲೆ ಅರ್ಧ ಗಂಟೆ ಸಮಯ ಕೇಳಿದೆ. ರಿಲೀಸ್ ಮುಗಿದ ಮರುದಿನ, ಮಂಗಳವಾರ ಬೆಳಿಗ್ಗೆ. ರಿಲೀಸ್ ಮುಂಚಿನ ವಾರ ಯಾವ ಮ್ಯಾನೇಜರ್ ಕಿವಿಯೂ ಖಾಲಿ ಇರಲ್ಲ. ಮನೆ ಸುದ್ದಿ ಒಂದೇ ವಾಕ್ಯದಲ್ಲಿ ಮುಗಿಸಿ, ನೋಟ್‌ಬುಕ್ ತೋರಿಸಿ, "ಇದರಲ್ಲಿ ನಿಮಗೆ ಎಲ್ಲಿ ತೊಂದರೆ ಆಗಬಹುದು ಅನ್ನಿಸುತ್ತೆ ಸರ್?" ಅಂದೆ. ಮೊದಲ ಸಲ "ಬೇಕು" ಅಂದಿದ್ದೆ, ಈ ಸಲ ಕೇಳಿದ್ದು ಇಷ್ಟೇ. ಅವರು ಕುರ್ಚಿ ಹಿಂದಕ್ಕೆ ತಳ್ಳಿ, "ಸಂಜೆ ಕಾಲ್ ಮಧ್ಯೆ ನಿಮ್ಮೂರಲ್ಲಿ ಕರೆಂಟ್ ಹೋದ್ರೆ?" ಅಂದರು. ಆಡಿಕೊಂಡಿದ್ದಲ್ಲ, ನಿಜವಾದ ಚಿಂತೆ. ಇನ್ವರ್ಟರ್ ಇದೆ, ಆದರೆ ಎಷ್ಟು ಹೊತ್ತು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಸುಳ್ಳು ಹೇಳದೆ "ನೋಡಿ ಹೇಳ್ತೀನಿ" ಅಂದೆ.

ಆ ಶನಿವಾರ ಊರಿಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಕೂತೆ. ಬ್ಯಾಸಗಿ ದಿನ, ಹೊರಗೆ ನಲವತ್ತು ಡಿಗ್ರಿ. "ಇದೇನ್ ಹುಚ್ಚಪ್ಪ ನಿಂದು" ಅಂತ ಅವ್ವ ಮಂಚದ ಮೇಲಿಂದಲೇ ಬೈದಳು. ಎರಡು ಫ್ಯಾನ್, ರೌಟರ್, ಲ್ಯಾಪ್‌ಟಾಪ್ ಇಟ್ಟುಕೊಂಡು ಇನ್ವರ್ಟರ್ ಮೂರು ಗಂಟೆ ಇಪ್ಪತ್ತು ನಿಮಿಷ ಎಳೆಯಿತು. ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್. ಅದನ್ನೂ ಒಂದು ವಿಡಿಯೊ ಕಾಲ್ ಮಾಡಿ ನೋಡಿದೆ.

ಸೋಮವಾರ ಮೇಲ್ ಕಳಿಸಿದೆ. ಅವರು ಹಾಗೇ ಮೇಲಿನವರಿಗೆ ಫಾರ್ವರ್ಡ್ ಮಾಡುವಂತಿರಬೇಕು ಅಂತ ಅವ್ವನ ಕಾಲಿನ ವಿಷಯ ಅದರಲ್ಲಿ ಹಾಕಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದು, ಸಾರ ಇಷ್ಟು: "ಆರು ವಾರ ಪ್ರಯೋಗ ಮಾಡಿ ನೋಡಬಹುದಾ? ಎರಡು ವಾರ ಬೆಂಗಳೂರು, ಎರಡು ವಾರ ಕಲಬುರಗಿ, ಮತ್ತೆ ಎರಡು ವಾರ ಬೆಂಗಳೂರು. ಕರೆಂಟ್, ನೆಟ್ ವ್ಯವಸ್ಥೆ ಹೀಗಿದೆ. ಬಗ್ ರಿಪೋರ್ಟ್ ತಡವಾದರೆ, ಅಥವಾ ಟೀಮಿಗೆ ಕಷ್ಟವಾದರೆ, ನೀವು ಹೇಳಿದ ಮುಂದಿನ ಸೋಮವಾರ ಆಫೀಸಿನಲ್ಲಿರುತ್ತೇನೆ." ಕೊನೆಯ ದಿನಾಂಕ ಇದ್ದದ್ದೇ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ಹೂಂ ಅಂದರೂ ಅವರು ಸಿಕ್ಕಿಹಾಕಿಕೊಳ್ಳುವುದಿಲ್ಲ.

ಅದೇ ಮೇಲ್‌ನಲ್ಲಿ ಸಂಬಳದ ಮಾತೂ ಎತ್ತು ಅಂತ ಗೆಳೆಯ ಹೇಳಿದ್ದ. ಎತ್ತಲಿಲ್ಲ. ಎರಡು ಸೇರಿದರೆ ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಬಿಡುತ್ತಾರೆ. ಆದರೆ ಊರು ಬದಲಾದರೆ ಸಂಬಳ ಇಳಿಯುತ್ತಾ ಅಂತ ಎಚ್‌ಆರ್‌ನವರನ್ನು ಬೇರೆ ಮೇಲ್‌ನಲ್ಲಿ ಕೇಳಿ, ಇಲ್ಲ ಅನ್ನುವುದನ್ನು ಬರಹದಲ್ಲಿ ತಗೊಂಡೆ. ಬೆಂಗಳೂರಿನ ರೂಮನ್ನೂ ಬಿಡಲಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ ಬಾಡಿಗೆ ಕಟ್ಟುವುದು ನಿಂತರೆ ಎಚ್‌ಆರ್‌ಎ ವಿನಾಯಿತಿಯೂ ನಿಲ್ಲುತ್ತದೆ, ಇದು ಎಷ್ಟೋ ಜನಕ್ಕೆ ನೆನಪಿರಲ್ಲ.

ಹತ್ತು ದಿನ ಬಿಟ್ಟು ಉತ್ತರ ಬಂತು. ಎರಡು ವಾರ ಕೇಳಿದ್ದೆ, ಒಂದು ವಾರ ಕೊಟ್ಟರು. ಥ್ಯಾಂಕ್ಸ್ ಹೇಳಿ ತಗೊಂಡೆ. ಆ ವಾರದ ಗುರುವಾರ ಸಂಜೆ ಕಾಲ್ ಮಧ್ಯೆ ಕರೆಂಟ್ ಹೋಯಿತು, ರೌಟರ್‌ನ ಪ್ಲಗ್ ಇನ್ವರ್ಟರ್ ಲೈನಿನಲ್ಲೇ ಇಲ್ಲ ಅಂತ ಆಗ ಗೊತ್ತಾಯಿತು. ಪರೀಕ್ಷೆ ಆದಮೇಲೆ ಅಪ್ಪ ಗುಡಿಸುವಾಗ ಬದಲಿಸಿದ್ದರಂತೆ! ಒಂದು ನಿಮಿಷದಲ್ಲಿ ಹಾಟ್‌ಸ್ಪಾಟ್‌ಗೆ ಬಂದೆ. ಕಾಲ್ ಮುಗಿದ ಕೂಡಲೇ ಅವರು ಕೇಳುವ ಮುಂಚೆ ನಾನೇ ನಡೆದದ್ದನ್ನು ಬರೆದು ಕಳಿಸಿದೆ. "ನಿಮ್ಮ ತಂದೆಗೆ ನಮಸ್ಕಾರ ಹೇಳಿ" ಅಂತ ಉತ್ತರ ಬಂತು. ಮುಂದಿನ ತಿಂಗಳು ಎರಡನೇ ವಾರವನ್ನು ಅವರೇ ಸೇರಿಸಿದರು.