‘ಹಾರ್ಟ್ ಫೇಲ್’ ಅಲ್ಲ, ಹೃದಯ ವೈಫಲ್ಯ: ವೈದ್ಯರ ಟಿಪ್ಪಣಿಯನ್ನು ರೋಗಿಯ ಮಾತಿಗೆ ತಂದ ನನ್ನ ಅನುಭವ

ಕಾಯಿಲೆ ಏನೆಂದು ರೋಗಿಗೆ ತಿಳಿಸಲು ವೈದ್ಯರು ಬರೆದುಕೊಡುವ ಟಿಪ್ಪಣಿಯನ್ನು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಮತ್ತೆ ಬರೆಯುವುದು ಕೆಲವು ವರ್ಷಗಳಿಂದ ನನ್ನ ಕೆಲಸವಾಗಿದೆ. ಆರಂಭದಲ್ಲಿ ಕಠಿಣ ಪದಗಳನ್ನು ತೆಗೆದು ಸುಲಭ ಪದಗಳನ್ನು ಇಟ್ಟರೆ ಕೆಲಸ ಮುಗಿಯಿತೆಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ಬದಲಿಸಿದ್ದು ವಯಸ್ಸಾದ ಒಬ್ಬ ಮಹಿಳೆಗಾಗಿ ಬರೆದ ಒಂದು ಪುಟದ ವಿವರಣೆ. ಅದನ್ನು ನಾನು ಮೂರು ಸಲ ಬರೆಯಬೇಕಾಯಿತು.

ವೈದ್ಯರ ಟಿಪ್ಪಣಿ ಹೀಗಿತ್ತು: ‘ಎಡ ಹೃತ್ಕುಕ್ಷಿ ಹಿಗ್ಗಿದ್ದು, ಎಜೆಕ್ಷನ್ ಫ್ರ್ಯಾಕ್ಷನ್ ಕುಗ್ಗಿರುವ ಹೃದಯ ವೈಫಲ್ಯವಿದೆ. ಎಕೋ ಪರೀಕ್ಷೆಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಸುಮಾರು ಶೇ 35. ಕರೊನರಿ ಅಪಧಮನಿಗಳ ಕಾಯಿಲೆ ಇದಕ್ಕೆ ಕಾರಣವಾಗಿರುವ ಸಾಧ್ಯತೆಯಿದ್ದು, ಆಂಜಿಯೋಗ್ರಾಂ ಮೂಲಕ ದೃಢಪಡಿಸಬೇಕು. ದ್ರವಶೇಖರಣೆಗೆ ಮೂತ್ರವರ್ಧಕ ಕೊಡಲಾಗಿದೆ. ಪ್ರತಿದಿನ ತೂಕ ನೋಡುವುದು. 3 ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಾದರೆ ಸಂಪರ್ಕಿಸುವುದು.’ ಬರೆದ ವೈದ್ಯರ ದೃಷ್ಟಿಯಲ್ಲಿ ಇದರಲ್ಲಿ ಅಸ್ಪಷ್ಟವಾದದ್ದು ಏನೂ ಇರಲಿಲ್ಲ, ನನಗೂ ಹಾಗೆಯೇ ಕಂಡಿತ್ತು.

ಮೊದಲ ತೊಡಕು ಕಾಯಿಲೆಯ ಹೆಸರಿನಲ್ಲೇ ಎದುರಾಯಿತು. ಆಡುಮಾತಿನಲ್ಲಿ ‘ಹಾರ್ಟ್ ಫೇಲ್ ಆಯಿತು’ ಎಂದರೆ ಒಬ್ಬರು ಹಠಾತ್ತನೆ ತೀರಿಕೊಂಡರು ಎಂದು ಅರ್ಥ. ವೈದ್ಯಕೀಯದಲ್ಲಿ ಹೃದಯ ವೈಫಲ್ಯವೆಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸರಿಯಾಗಿ ತಳ್ಳಲು ಹೃದಯಕ್ಕೆ ಕಷ್ಟವಾಗುತ್ತಿರುವ ಸ್ಥಿತಿ. ಅದಕ್ಕೆ ಔಷಧವಿದೆ, ಅದರೊಂದಿಗೆ ವರ್ಷಗಟ್ಟಲೆ ಬದುಕುವವರಿದ್ದಾರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಹೋದರೆ ಹೃದಯಾಘಾತ, ಹೃದಯದ ಬಡಿತವೇ ನಿಂತುಹೋದರೆ ಹೃದಯ ಸ್ತಂಭನ. ಇವು ಬೇರೆಬೇರೆ ಸಂಗತಿಗಳು. ಆದರೆ ಮಾತಿನಲ್ಲಿ ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದು ಸಾಮಾನ್ಯ.

ರೋಗಿ ಗಾಬರಿಯಾಗಬಾರದೆಂದು ನಾನು ಮೊದಲ ಕರಡಿನಲ್ಲಿ ‘ನಿಮ್ಮ ಹೃದಯ ಸ್ವಲ್ಪ ದುರ್ಬಲವಾಗಿದೆ’ ಎಂದು ಬರೆದೆ. ಟಿಪ್ಪಣಿ ಬರೆದ ವೈದ್ಯರು ಆ ಸಾಲಿನ ಕೆಳಗೆ ಗೆರೆ ಎಳೆದು, ‘ಇವರು ನಾಳೆ ಬೇರೆ ಊರಲ್ಲಿ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಹೋದರೆ ಅಲ್ಲಿಯ ವೈದ್ಯರಿಗೆ ಏನೆಂದು ಹೇಳಬೇಕು?’ ಎಂದು ಕೇಳಿದರು. ‘ಹೃದಯ ಸ್ವಲ್ಪ ವೀಕ್’ ಎಂಬ ಮಾತಿನಿಂದ ಆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ಸ್ವಲ್ಪ’ ಎಂಬುದಂತೂ ಮೂಲದಲ್ಲಿ ಇರಲೇ ಇಲ್ಲ; ಸಮಾಧಾನ ಹೇಳುವ ಆತುರದಲ್ಲಿ ಕಾಯಿಲೆಯ ತೀವ್ರತೆಯನ್ನು ನಾನೇ ನಿರ್ಧರಿಸಿಬಿಟ್ಟಿದ್ದೆ.

ಅಂದಿನಿಂದ ಕಾಯಿಲೆಯ ಹೆಸರನ್ನು ನಾನು ಬದಲಿಸುವುದಿಲ್ಲ. ಆ ಹೆಸರು ಕೇಳಿದಾಗ ರೋಗಿಯ ಮನಸ್ಸಿನಲ್ಲಿ ಏಳುವ ತಪ್ಪು ಅರ್ಥವನ್ನು ಪಕ್ಕದ ಸಾಲಿನಲ್ಲೇ ತಿದ್ದುತ್ತೇನೆ. ಆ ಪುಟಕ್ಕೆ ಕೊನೆಗೆ ಬರೆದದ್ದು ಹೀಗೆ: ‘ನಿಮಗಿರುವ ಕಾಯಿಲೆಯ ಹೆಸರು ಹೃದಯ ವೈಫಲ್ಯ. ಹಾರ್ಟ್ ಫೇಲ್ ಆಯಿತು ಎಂದು ಜನ ಆಡಿಕೊಳ್ಳುವುದು ಇದನ್ನಲ್ಲ. ನಿಮ್ಮ ಹೃದಯ ನಿಂತಿಲ್ಲ, ಬಡಿಯುತ್ತಿದೆ. ಆದರೆ ರಕ್ತವನ್ನು ಮುಂದಕ್ಕೆ ತಳ್ಳುವ ಅದರ ಶಕ್ತಿ ಕಡಿಮೆಯಾಗಿದೆ. ಬೇರೆ ವೈದ್ಯರ ಹತ್ತಿರ ಹೋದಾಗ ಹೃದಯ ವೈಫಲ್ಯ ಎಂಬ ಈ ಹೆಸರನ್ನೇ ಹೇಳಿ.’ ಇದಾದ ಮೇಲೆ ಪುಟದ ಕೊನೆಯವರೆಗೂ ‘ಹೃದಯ ವೈಫಲ್ಯ’ ಎಂದೇ ಬರೆದೆ. ಒಂದೇ ಪದ ಮತ್ತೆ ಮತ್ತೆ ಬಂದರೆ ಓದಲು ಬೇಸರವೆಂದು ಒಮ್ಮೆ ‘ಹೃದಯದ ತೊಂದರೆ’, ಇನ್ನೊಮ್ಮೆ ‘ಹೃದ್ರೋಗ’ ಎಂದು ಬರೆಯುವ ಅಭ್ಯಾಸ ಲೇಖನಕ್ಕೆ ಒಪ್ಪೀತು. ರೋಗಿಯ ಕೈಗೆ ಹೋಗುವ ಪುಟದಲ್ಲಿ ಎರಡು ಹೆಸರು ಕಂಡರೆ ಎರಡು ಕಾಯಿಲೆಗಳಿವೆ ಎಂದೇ ಅವರು ತಿಳಿಯುತ್ತಾರೆ.

ಎಜೆಕ್ಷನ್ ಫ್ರ್ಯಾಕ್ಷನ್‌ನ ವಿಷಯದಲ್ಲಿ ನನ್ನಿಂದ ಇದಕ್ಕಿಂತ ದೊಡ್ಡ ತಪ್ಪಾಯಿತು. ‘ನಿಮ್ಮ ಹೃದಯ ಶೇ 35ರಷ್ಟು ಮಾತ್ರ ಕೆಲಸ ಮಾಡುತ್ತಿದೆ’ ಎಂದು ಬರೆದಿದ್ದೆ. ಮಾತಿನಲ್ಲಿ ಬಹಳ ಜನ ಹಾಗೆಯೇ ಹೇಳುತ್ತಾರೆ, ಕೇಳಲೂ ಸರಾಗವಾಗಿದೆ. ಆದರೆ ಅದನ್ನು ಓದಿದ ಆ ಮಹಿಳೆಯ ಮಗಳು, ‘ಅಂದರೆ ಅಮ್ಮನ ಹೃದಯದಲ್ಲಿ ಶೇ 65 ಭಾಗ ಸತ್ತುಹೋಗಿದೆಯೇ?’ ಎಂದು ಕೇಳಿದರು. ನನ್ನ ವಾಕ್ಯದಿಂದ ಬೇರೆ ಅರ್ಥ ಹೊರಡಲು ಸಾಧ್ಯವೇ ಇರಲಿಲ್ಲ. ನೂರಕ್ಕೆ 35 ಎಂದರೆ ಪರೀಕ್ಷೆಯ ಅಂಕದಂತೆ ಕೇಳಿಸುತ್ತದೆ. ಪೂರ್ಣಾಂಕ ನೂರು ಎಂದು ಓದುವವರು ತಾವಾಗಿಯೇ ಭಾವಿಸುತ್ತಾರೆ.

ಎಜೆಕ್ಷನ್ ಫ್ರ್ಯಾಕ್ಷನ್ ಹೇಳುವುದು ಬೇರೆಯದನ್ನು. ಪ್ರತಿ ಬಡಿತಕ್ಕೆ ಮುಂಚೆ ಹೃದಯದ ಎಡ ಕೆಳಗಿನ ಕೋಣೆಯಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಹಾಗೆ ತುಂಬಿದ್ದರಲ್ಲಿ ಎಷ್ಟು ಪಾಲು ಆ ಬಡಿತಕ್ಕೆ ಹೊರಗೆ ಹೋಯಿತು ಎಂಬುದೇ ಈ ಅಂಕಿ. ಆರೋಗ್ಯವಂತರಲ್ಲೂ ಕೋಣೆ ಪೂರ್ತಿ ಖಾಲಿಯಾಗುವುದಿಲ್ಲ. ಅವರಲ್ಲಿ ಇದು ಸುಮಾರು ಶೇ 50ರಿಂದ 70ರವರೆಗೆ ಇರುತ್ತದೆ. ವೈದ್ಯರ ಜೊತೆ ಕುಳಿತು ಒಂದು ಲೆಕ್ಕ ಹಾಕಿದಾಗ ಇದು ನನಗೇ ಸರಿಯಾಗಿ ಮನವರಿಕೆಯಾಯಿತು. 120 ಮಿಲಿಲೀಟರ್ ತುಂಬಿ 72 ಮಿಲಿಲೀಟರ್ ಹೊರಹೋದರೆ ಅದು ಶೇ 60. ಹಿಗ್ಗಿದ ಕೋಣೆಯಲ್ಲಿ 160 ತುಂಬಿ 56 ಹೊರಹೋದರೆ ಶೇ 35. ಹೊರಹೋಗುವ ರಕ್ತ 72ರಿಂದ 56ಕ್ಕೆ ಇಳಿದಿದೆ ನಿಜ, ಆದರೆ ಅರವತ್ತು ಮೂವತ್ತೈದಾದಾಗ ಕಾಣುವಷ್ಟು ದೊಡ್ಡ ಕುಸಿತ ಅಲ್ಲಿಲ್ಲ, ಏಕೆಂದರೆ ತುಂಬುವ ಪ್ರಮಾಣವೇ ಹೆಚ್ಚಾಗಿದೆ. ಈ ಲೆಕ್ಕವನ್ನು ರೋಗಿಯ ಪುಟಕ್ಕೆ ನಾನು ಹಾಕಲಿಲ್ಲ. ಲೆಕ್ಕದಿಂದ ಸಿಕ್ಕಿದ್ದು ಸರಿಯಾದ ವಾಕ್ಯ: ‘ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂದು ಎಕೋ ಪರೀಕ್ಷೆಯಲ್ಲಿ ಅಳೆದಿದ್ದಾರೆ. ಇದಕ್ಕೆ ಎಜೆಕ್ಷನ್ ಫ್ರ್ಯಾಕ್ಷನ್ ಎನ್ನುತ್ತಾರೆ, ರಿಪೋರ್ಟಿನಲ್ಲಿ ಇ.ಎಫ್. ಎಂದಿರುತ್ತದೆ. ಆರೋಗ್ಯವಂತರಲ್ಲಿ ಇದು 50ರಿಂದ 70 ಇರುತ್ತದೆ, ಯಾರಲ್ಲೂ ನೂರು ಇರುವುದಿಲ್ಲ. ನಿಮ್ಮದು ಸುಮಾರು 35, ಅಂದರೆ ಇರಬೇಕಾದ್ದಕ್ಕಿಂತ ಕಡಿಮೆ.’

ಇಲ್ಲಿ ‘ಸುಮಾರು’ ಎಂಬ ಪದವನ್ನು ಬೇಕೆಂದೇ ಉಳಿಸಿಕೊಂಡೆ. ಎಕೋ ಪರೀಕ್ಷೆಯನ್ನು ಬೇರೆ ದಿನ ಬೇರೆಯವರು ಮಾಡಿದರೆ ಅಂಕಿ ಕೆಲವು ಅಂಶ ಆಚೀಚೆ ಬರಬಹುದು. ಆ ಪದವನ್ನು ಕೈಬಿಟ್ಟರೆ ಮುಂದಿನ ಸಲ 33 ಎಂದು ಬಂದಾಗ ಕಾಯಿಲೆ ಹೆಚ್ಚಾಯಿತೆಂದು ರೋಗಿ ನಿದ್ದೆಗೆಡುತ್ತಾರೆ.

ಕಾರಣದ ವಾಕ್ಯದಲ್ಲಿ ಎರಡು ತಪ್ಪುಗಳು ಒಟ್ಟಿಗೆ ನುಸುಳಿದ್ದವು. ನಾನು ಬರೆದದ್ದು, ‘ಹೃದಯಕ್ಕೆ ರಕ್ತ ಕಡಿಮೆ ಹೋಗಿ ಹೀಗಾಗಿದೆ, ನರ ಬ್ಲಾಕ್ ನೋಡಲು ಆಂಜಿಯೋಗ್ರಾಂ ಮಾಡುತ್ತಾರೆ’ ಎಂದು. ಆಡುಮಾತಿನ ‘ರಕ್ತ ಕಡಿಮೆ’ ಎಂಬುದಕ್ಕೆ ರಕ್ತಹೀನತೆ ಎಂಬ ಅರ್ಥ ಮೊದಲೇ ನೆಲೆಯೂರಿದೆ, ಆದ್ದರಿಂದ ಅದನ್ನು ಓದಿದವರು ಕಬ್ಬಿಣಾಂಶದ ಮಾತ್ರೆಯ ಕಡೆಗೆ ಯೋಚಿಸುತ್ತಾರೆ. ‘ನರ’ ಎಂಬುದನ್ನು ಜನ ರಕ್ತನಾಳಕ್ಕೂ ಬಳಸುತ್ತಾರೆ, ಮಿದುಳಿಗೆ ಸಂಬಂಧಿಸಿದ ನರಕ್ಕೂ ಬಳಸುತ್ತಾರೆ. ಈ ಪುಟ ಹಿಡಿದು ನರರೋಗ ತಜ್ಞರನ್ನು ಹುಡುಕಿಕೊಂಡು ಹೋದರೆ ಅದು ಅವರ ತಪ್ಪಲ್ಲ. ಹಾಗಾಗಿ ‘ರಕ್ತನಾಳ’ ಎಂದು ಬರೆದು, ‘ಕೆಲವರು ಇದನ್ನೇ ನರ ಎನ್ನುವುದುಂಟು’ ಎಂದು ಒಂದು ಸಲ ಮಾತ್ರ ಸೇರಿಸಿದೆ.

ಎರಡನೆಯ ತಪ್ಪು ಕ್ರಿಯಾಪದದಲ್ಲಿತ್ತು. ವೈದ್ಯರು ‘ಕಾರಣವಾಗಿರುವ ಸಾಧ್ಯತೆಯಿದ್ದು’ ಎಂದಿದ್ದರು. ನನ್ನ ಕೈಯಲ್ಲಿ ಅದು ‘ಹೀಗಾಗಿದೆ’ ಆಗಿತ್ತು. ಪದಗಳನ್ನು ಎಷ್ಟೇ ಜಾಗರೂಕತೆಯಿಂದ ಕಾಯ್ದರೂ ಅರ್ಥ ಕೆಡುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅನುಭವ, ಏಕೆಂದರೆ ಆಡುಮಾತಿಗೆ ಇಳಿಸುವಾಗ ವಾಕ್ಯ ಚಿಕ್ಕದಾಗುತ್ತದೆ, ಚಿಕ್ಕದಾಗುವಾಗ ಸಂದೇಹವನ್ನು ಸೂಚಿಸುವ ಪ್ರತ್ಯಯಗಳೇ ಮೊದಲು ಉದುರುತ್ತವೆ. ಬರೀ ‘ಇರಬಹುದು’ ಎಂದು ಮುಗಿಸಿದರೂ ಸಾಲದು. ಮಾತಿನಲ್ಲಿ ‘ಇರಬಹುದು ಬಿಡಿ’ ಎನ್ನುವ ಉದಾಸೀನಕ್ಕೂ ಅದೇ ರೂಪವಿದೆ. ಖಚಿತವಾಗಿರುವುದು ಯಾವುದು, ಖಚಿತವಾಗದಿರುವುದು ಯಾವುದು, ಅದು ಯಾವುದರಿಂದ ಖಚಿತವಾಗುತ್ತದೆ ಎಂದು ಮೂರು ಭಾಗಗಳಾಗಿ ಒಡೆಯುವುದು ನನಗೆ ಸರಿಹೋಯಿತು: ‘ಹೃದಯ ವೈಫಲ್ಯ ಇರುವುದು ಖಚಿತ. ಅದಕ್ಕೆ ಕಾರಣ ಏನೆಂಬುದು ಇನ್ನೂ ಖಚಿತವಾಗಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳಲ್ಲಿ ಅಡಚಣೆ ಇರಬಹುದೆಂದು ವೈದ್ಯರು ಯೋಚಿಸುತ್ತಿದ್ದಾರೆ. ಅಡಚಣೆ ಇದೆಯೋ ಇಲ್ಲವೋ ಎಂಬುದು ಆಂಜಿಯೋಗ್ರಾಂ ಮಾಡಿದರೆ ಗೊತ್ತಾಗುತ್ತದೆ.’

ಎರಡನೆಯ ಕರಡು ಮುಗಿದ ಮೇಲೆ, ಈಗಲೂ ಬಿಡದೆ ಮಾಡುವ ಒಂದು ಪರೀಕ್ಷೆಯನ್ನು ಮಾಡಿದೆ. ಮೂಲ ಟಿಪ್ಪಣಿಯನ್ನು ನೋಡಿರದ ಒಬ್ಬ ನರ್ಸ್ ಕೈಗೆ ನನ್ನ ಪುಟವನ್ನು ಕೊಟ್ಟು, ಇದರಿಂದ ತಿಳಿಯುವುದನ್ನು ವೈದ್ಯಕೀಯ ಭಾಷೆಯಲ್ಲಿ ಬರೆಯಿರಿ ಎಂದು ಕೇಳಿದೆ. ಅವರು ಬರೆದದ್ದನ್ನು ಮೂಲದ ಪಕ್ಕದಲ್ಲಿಟ್ಟು ಹೋಲಿಸಿದರೆ ಏನು ಕಳೆದಿದೆ, ಏನು ಹೊಸದಾಗಿ ಸೇರಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆ ದಿನ ಕಳೆದಿದ್ದದ್ದು ತೂಕದ ಅಂಕಿ. ‘ತೂಕ ಬೇಗ ಹೆಚ್ಚಾದರೆ ತಿಳಿಸಿ’ ಎಂದು ಬರೆದು, 3 ದಿನ ಮತ್ತು 2 ಕಿಲೋ ಎರಡನ್ನೂ ನಾನು ಬಿಟ್ಟಿದ್ದೆ. ‘ಬೇಗ’ ಎಂದರೆ ಒಬ್ಬರಿಗೆ ವಾರ, ಇನ್ನೊಬ್ಬರಿಗೆ ತಿಂಗಳು. ಏನನ್ನಾದರೂ ಮಾಡಿ ಎಂದು ಹೇಳುವ ಅಂಕಿಯನ್ನು ಸರಳಗೊಳಿಸಲು ಹೋಗಬಾರದು; ಹಾಗೆಯೇ ಇಡಬೇಕು.

ಆದರೆ ಈ ಪರೀಕ್ಷೆಗೂ ಮಿತಿಯಿದೆ. ನರ್ಸ್‌ಗೆ ವಿಷಯ ಗೊತ್ತಿರುವುದರಿಂದ ಅಸ್ಪಷ್ಟವಾದದ್ದನ್ನೂ ಅವರು ಸರಿಯಾಗಿಯೇ ಊಹಿಸಿಬಿಡುತ್ತಾರೆ. ಅದನ್ನು ಹಿಡಿಯಲು ರೋಗಿಯೇ ಬೇಕು. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆದ್ದರಿಂದ ಆ ಮಹಿಳೆಗೆ ಪುಟವನ್ನು ಓದಿ ಹೇಳಿ, ‘ನಾನು ಸರಿಯಾಗಿ ಬರೆದಿದ್ದೇನೆಯೋ ಇಲ್ಲವೋ ನೋಡಬೇಕು ಅಮ್ಮ. ಮನೆಗೆ ಹೋದಾಗ ಡಾಕ್ಟರು ಏನು ಹೇಳಿದರು ಅಂತ ಕೇಳಿದರೆ ನೀವು ಏನು ಹೇಳ್ತೀರಿ?’ ಎಂದೆ. ಕಾಯಿಲೆಯ ಹೆಸರನ್ನು ಅವರು ಸರಿಯಾಗಿ ಹೇಳಿದರು. ಹೃದಯ ನಿಂತಿಲ್ಲ ಎಂದರು, ಕಾರಣ ಇನ್ನೂ ಗೊತ್ತಾಗಬೇಕು ಎಂದರು. ಆಮೇಲೆ, ‘ನಾನು ನೀರು ಜಾಸ್ತಿ ಕುಡಿದು ಕಾಲಿಗೆ ಇಳಿದುಬಿಟ್ಟಿದೆ ಕಣಪ್ಪ, ಇನ್ನು ನೀರು ಕುಡಿಯೋದೇ ಬೇಡ’ ಎಂದರು.

ದ್ರವಶೇಖರಣೆಯನ್ನು ನಾನು ‘ಕಾಲಿನಲ್ಲಿ ನೀರು ತುಂಬಿಕೊಂಡಿದೆ’ ಎಂದು ಬರೆದಿದ್ದೆ. ಆ ಮಾತಿನಲ್ಲಿ ಹೊಸ ಪದವಿಲ್ಲ, ಸಂದೇಹವಿಲ್ಲ, ಯಾರ ಕಣ್ಣಿಗೂ ಅದು ತಪ್ಪಾಗಿ ಕಂಡಿರಲಿಲ್ಲ. ಮೂತ್ರವರ್ಧಕ ತೆಗೆದುಕೊಳ್ಳುತ್ತಿರುವವರು ನೀರನ್ನೇ ಬಿಟ್ಟರೆ ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳಬಹುದು, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು. ವೈದ್ಯರನ್ನು ಕೇಳಿ ಆ ಸಾಲನ್ನು ಮೂರನೆಯ ಸಲ ಬರೆದೆ: ‘ಹೃದಯ ರಕ್ತವನ್ನು ಸರಿಯಾಗಿ ತಳ್ಳದಿದ್ದಾಗ ಮೈಯಲ್ಲಿ ಉಪ್ಪು ಮತ್ತು ದ್ರವ ಉಳಿದುಕೊಂಡು ಕಾಲು ಊದಿಕೊಳ್ಳುತ್ತದೆ. ನೀವು ನೀರು ಕುಡಿದದ್ದರಿಂದ ಹೀಗಾದದ್ದಲ್ಲ. ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ದಿನಕ್ಕೆ ಎಷ್ಟು ಕುಡಿಯಬೇಕೆಂದು ವೈದ್ಯರು ಇಲ್ಲಿ ಬರೆದಿದ್ದಾರೆ.’ ಅದರ ಮುಂದೆ ಖಾಲಿ ಜಾಗ ಬಿಟ್ಟೆ. ಆ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ತುಂಬುವ ಅಧಿಕಾರ ನನಗಿಲ್ಲ. ವೈದ್ಯರು ಅಲ್ಲಿ ತಮ್ಮ ಕೈಯಿಂದಲೇ ಅಂಕಿ ಬರೆದು, ಪುಟದ ಕೆಳಗೆ ಸಹಿ ಹಾಕಿ ಕೊಟ್ಟರು.